ಫೋನು ಅದೇ, ಚಾರ್ಜರೂ ಅದೇ. ಕೇಬಲ್ ಮಾತ್ರ ಬೇರೆ

ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸರಣಿಯ ಅಲ್ಟ್ರಾ ಫೋನುಗಳಲ್ಲಿ ಹಲವು 45 ವ್ಯಾಟ್‌ ವೇಗದಲ್ಲಿ ಚಾರ್ಜ್ ಆಗಬಲ್ಲವು. ಅದಕ್ಕೆಂದೇ 45 ವ್ಯಾಟ್‌ನ ಚಾರ್ಜರ್ ಕೊಂಡು, ಮನೆಯಲ್ಲಿದ್ದ ಬೇರಾವುದೋ ಟೈಪ್-ಸಿ ಕೇಬಲ್ ಸಿಕ್ಕಿಸಿದರೆ ವೇಗ ಸುಮಾರು 25 ವ್ಯಾಟ್‌ಗೆ ಇಳಿಯುವುದುಂಟು. ಪರದೆಯ ಮೇಲೆ "Super fast charging 2.0" ಬರಬೇಕಾದಲ್ಲಿ ಬರೀ "Super fast charging" ಎಂದು ಬರುತ್ತದೆ. ಚಾರ್ಜರ್ ಕೆಟ್ಟಿರುವುದಿಲ್ಲ, ಫೋನೂ ಸರಿಯಾಗಿಯೇ ಇರುತ್ತದೆ.

45 ವ್ಯಾಟ್ ಬೇಕೆಂದರೆ ಈ ಫೋನಿಗೆ ಸುಮಾರು 10 ವೋಲ್ಟ್‌ನಲ್ಲಿ 4.5 ಆಂಪಿಯರ್ ಹರಿಯಬೇಕು. ಆದರೆ ಎರಡೂ ತುದಿಗೆ ಟೈಪ್-ಸಿ ಇರುವ ಸಾಮಾನ್ಯ ಕೇಬಲ್‌ಗೆ ಯುಎಸ್‌ಬಿ ನಿಯಮ ಹಾಕಿರುವ ಮಿತಿ 3 ಆಂಪಿಯರ್. ಅದನ್ನು ದಾಟಿ 5 ಆಂಪಿಯರ್‌ವರೆಗೆ ಒಯ್ಯುವ ಕೇಬಲ್‌ನಲ್ಲಿ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಲೇಬೇಕು. ಚಾರ್ಜರ್ ಆ ಚಿಪ್‌ಗೆ ಒಂದಿಷ್ಟು ವಿದ್ಯುತ್ ಕೊಟ್ಟು, ಎಷ್ಟು ತಾಳಿಕೊಳ್ಳುತ್ತೀ ಎಂದು ಕೇಳುತ್ತದೆ. 5 ಆಂಪಿಯರ್ ಎಂಬ ಉತ್ತರ ಬಂದರೆ ಮಾತ್ರ ಪೂರ್ತಿ ವೇಗ. ಉತ್ತರವೇ ಬಾರದಿದ್ದರೆ 3 ಆಂಪಿಯರ್‌ಗಿಂತ ಮೇಲೆ ಹೋಗುವುದಿಲ್ಲ. ಈ ಎಚ್ಚರಿಕೆ ಬೇಕೇ ಬೇಕು. ಇಲ್ಲವಾದರೆ ಸಣ್ಣ ತಂತಿ ಕಾದು ಅಪಾಯವಾದೀತು.

ಚಿಪ್ ಬೇಡದಷ್ಟು ಕಡಿಮೆ ವೇಗದಲ್ಲೂ ಕೆಲವು ಕೇಬಲ್‌ಗಳು ಹಿಂದೆ ಬೀಳುತ್ತವೆ. ಅದಕ್ಕೆ ಕಾರಣ ಒಳಗಿನ ತಾಮ್ರದ ತಂತಿ. ಅಗ್ಗದ ಕೇಬಲ್‌ಗಳಲ್ಲಿ ಹಾಕುವ 28 ಗೇಜ್‌ನಂಥ ತೆಳ್ಳನೆಯ ತಂತಿ ತೆಗೆದುಕೊಳ್ಳೋಣ. ಒಂದು ಮೀಟರ್ ಕೇಬಲ್‌ನಲ್ಲಿ ವಿದ್ಯುತ್ ಹೋಗಿ ಮರಳುವ ದಾರಿ ಎರಡು ಮೀಟರ್. ಅದರ ಪ್ರತಿರೋಧ ಸುಮಾರು 0.43 ಓಮ್. 2 ಆಂಪಿಯರ್ ಹರಿದರೆ ದಾರಿಯಲ್ಲೇ 0.85 ವೋಲ್ಟ್ ಕರಗುತ್ತದೆ. ಚಾರ್ಜರ್ 5 ವೋಲ್ಟ್ ಕೊಟ್ಟರೆ ಫೋನಿಗೆ ಮುಟ್ಟುವುದು 4.15. ಫೋನಿನ ಬ್ಯಾಟರಿ ತುಂಬುವ ಹೊತ್ತಿಗೆ ಅದರ ವೋಲ್ಟೇಜೇ 4.4ರ ಆಸುಪಾಸಿಗೆ ಏರಿರುತ್ತದೆ! ವೋಲ್ಟೇಜ್ ಕುಸಿಯುವುದನ್ನು ಕಂಡ ಫೋನು ತಾನು ಎಳೆಯುವ ಕರೆಂಟನ್ನೇ ತಗ್ಗಿಸಿಕೊಳ್ಳುತ್ತದೆ. 22 ಗೇಜ್‌ನ ದಪ್ಪ ತಂತಿಯಾದರೆ ನಷ್ಟ ಕೇವಲ 0.2 ವೋಲ್ಟ್. ಅದೇ ತಂತಿಯ ಕೇಬಲ್ ಎರಡು ಮೀಟರ್ ಉದ್ದವಾದರೆ ನಷ್ಟವೂ ಇಮ್ಮಡಿ.

ಒನ್‌ಪ್ಲಸ್, ಒಪ್ಪೊ ಕಂಪನಿಗಳ ಸ್ವಂತ ಬಗೆಯ ವೇಗದ ಚಾರ್ಜಿಂಗ್ ಬೇರೆಯೇ ಲೆಕ್ಕ. ಅವುಗಳ ಪೂರ್ತಿ ವೇಗಕ್ಕೆ ಸಾಮಾನ್ಯವಾಗಿ ಅವರದೇ ಕೇಬಲ್ ಬೇಕು.

ಕೊಳ್ಳುವಾಗ ಕೇಬಲ್ ಮೇಲೆ 60W ಅಥವಾ 240W ಎಂದಿದೆಯೇ ನೋಡಿ. 60W ಎಂದರೆ 3 ಆಂಪಿಯರ್, 240W ಎಂದರೆ 5 ಆಂಪಿಯರ್. 10Gbps ಎಂಬಂಥ ಅಂಕಿ ಕಡತ ಸಾಗಿಸುವ ವೇಗದ್ದು, ಚಾರ್ಜಿಂಗ್‌ನದಲ್ಲ. ಮನೆಯಲ್ಲಿರುವ ಎರಡು ಕೇಬಲ್‌ಗಳನ್ನು ಹೋಲಿಸುವುದಾದರೆ ಬ್ಯಾಟರಿ 30 ಶೇಕಡಾಕ್ಕಿಂತ ಕೆಳಗಿದ್ದಾಗ, ಫೋನು ಬಿಸಿಯಾಗಿಲ್ಲದಾಗ, ಅದೇ ಚಾರ್ಜರ್‌ನಲ್ಲಿ ಹೋಲಿಸಿ. 80 ಶೇಕಡಾ ದಾಟಿದ ಮೇಲೆ ಎಂಥ ಒಳ್ಳೆಯ ಕೇಬಲ್ ಹಾಕಿದರೂ ಫೋನು ತಾನಾಗಿ ನಿಧಾನವಾಗುತ್ತದೆ.