ವಾಯಿದೆಯೊಳಗೆ ತೀರಿಸಿದ ಬೆಳೆಸಾಲಕ್ಕೆ ಬಡ್ಡಿ ಎಷ್ಟು?

2025ರ ಜೂನ್ ತಿಂಗಳಿನಲ್ಲಿ ಊರಿಗೆ ಹೋಗಿದ್ದಾಗ ನನ್ನ ಅಣ್ಣನವರು ಬ್ಯಾಂಕಿನ ಪಾಸ್‌ಬುಕ್ಕನ್ನು ಮುಂದಿಟ್ಟು, "ನೂರಕ್ಕೆ ನಾಲ್ಕು ಬಡ್ಡಿ ಎಂದರು. ಎರಡು ಲಕ್ಷಕ್ಕೆ ಹದಿನಾಲ್ಕು ಸಾವಿರ ಕಟ್ಟಿಸಿಕೊಂಡಿದ್ದಾರೆ. ಇದೇನೋ ತಮ್ಮಾ?" ಎಂದು ಕೇಳಿದರು. ಮುಂಬಯಿಯಲ್ಲಿದ್ದು ಊರಿನ ಸಾಲದ ಕಂತಿಗೆ ಹಣ ಕಳುಹಿಸುವ ನಮ್ಮವರನೇಕರಿಗೂ ಈ ಸಂದೇಹ ಬಂದಿರಬಹುದು.

ಉತ್ತರವು 2024-25ನೆಯ ಸಾಲಿಗಾಗಿ ರಿಸರ್ವ್ ಬ್ಯಾಂಕು 2024ರ ಆಗಸ್ಟ್ 6ರಂದು ಹೊರಡಿಸಿದ ಸುತ್ತೋಲೆಯಲ್ಲಿದೆ. ಅದರಲ್ಲಿ ಎರಡು ಬೇರೆ ಬೇರೆ ಸಹಾಯಗಳಿವೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕ ಪಡೆದ 3 ಲಕ್ಷ ರೂಪಾಯಿಗಳವರೆಗಿನ ಬೆಳೆಸಾಲವನ್ನು ಬ್ಯಾಂಕು ಶೇಕಡಾ 7ರ ದರದಲ್ಲಿ ಕೊಡಬೇಕು. ಅದರಿಂದಾಗುವ ಹೊರೆಗಾಗಿ ಕೇಂದ್ರ ಸರಕಾರವು ಬ್ಯಾಂಕಿಗೆ ಶೇಕಡಾ 1.5ನ್ನು ತುಂಬಿಕೊಡುತ್ತದೆ. ಈ ಹಣ ರೈತನ ಕೈಗೆ ಬರುವುದಿಲ್ಲ. ಏಳರಲ್ಲಿ ಇದನ್ನು ಪುನಃ ಕಳೆಯುವಂತೆಯೂ ಇಲ್ಲ. ಎರಡನೆಯದು ರೈತನಿಗೇ ಸಲ್ಲತಕ್ಕದ್ದು: ವಾಯಿದೆಯೊಳಗೆ ತೀರಿಸಿದವನಿಗೆ ಶೇಕಡಾ 3ರ ಪ್ರೋತ್ಸಾಹಧನ. ಏಳರಲ್ಲಿ ಮೂರು ಹೋಗಿ ನಾಲ್ಕು ಉಳಿಯುವುದು ಹೀಗೆ.

ಅಣ್ಣನವರು 2024ರ ಜೂನ್ 10ರಂದು ಎರಡು ಲಕ್ಷ ಪಡೆದಿದ್ದರು. ವಾಯಿದೆ 2025ರ ಜೂನ್ 9. ಒಂದು ವಾರ ಮೊದಲೇ ಕಟ್ಟಿದ್ದರೂ ಲೆಕ್ಕದ ಸೌಕರ್ಯಕ್ಕೆ ಪೂರ್ತಿ ವರ್ಷವೆಂದೇ ಹಿಡಿಯೋಣ. ಬಡ್ಡಿ 14,000 ರೂಪಾಯಿ, ಪ್ರೋತ್ಸಾಹಧನ 6,000, ನಿಜವಾದ ಹೊರೆ 8,000. ಕೆಲವೆಡೆ ಬ್ಯಾಂಕಿನವರು ಮೊದಲು ಏಳರ ಲೆಕ್ಕದಲ್ಲಿ ವಸೂಲು ಮಾಡಿ, ಮೂರನ್ನು ಆಮೇಲೆ ಖಾತೆಗೆ ಜಮೆ ಮಾಡುತ್ತಾರೆ. ಅಣ್ಣನವರಿಗೆ ಆದದ್ದೂ ಇದೇ.

ಪ್ರೋತ್ಸಾಹಧನವನ್ನು ಸಾಲ ಪಡೆದ ದಿನದಿಂದ ತೀರಿಸಿದ ದಿನದವರೆಗೆ, ಹೆಚ್ಚೆಂದರೆ ಒಂದು ವರ್ಷಕ್ಕೆ, ಎಣಿಸುತ್ತಾರೆ. ಎಂಟೇ ತಿಂಗಳಲ್ಲಿ ತೀರಿಸಿದ್ದರೆ ಅದು 4,000 ಆಗುತ್ತಿತ್ತು; ಬಡ್ಡಿಯೂ ಅಷ್ಟೇ ಇಳಿಯುವುದರಿಂದ ನಷ್ಟವೇನಿಲ್ಲ. ಆದರೆ ಜೂನ್ 9 ದಾಟಿದ್ದರೆ ಆರು ಸಾವಿರವೂ ಹೋಗುತ್ತಿತ್ತು; ತಡವಾದ ದಿನಗಳಷ್ಟನ್ನೇ ಕಳೆಯುವ ಪದ್ಧತಿ ಇಲ್ಲ. ಆದ್ದರಿಂದ ಹಣ ಕಳುಹಿಸುವವರು ಸುಗ್ಗಿಯನ್ನಲ್ಲ, ಬ್ಯಾಂಕು ಬರೆದುಕೊಂಡಿರುವ ವಾಯಿದೆಯ ತಾರೀಖನ್ನು ಕೇಳಿ ತಿಳಿದಿರಬೇಕು. ಬೆಳೆಯನ್ನನುಸರಿಸಿ ಅದು ಬೇರೆಯಾಗುತ್ತದೆ.

ಹಣ ಜಮೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಸಾಲದ ಬಗೆಯನ್ನು. ಕಾರ್ಡಿಲ್ಲದೆ ಬರಿಯ ಒಡವೆಯ ಮೇಲೆ ಎತ್ತಿದ ಸಾಲ, ಬೇಸಾಯಕ್ಕೇ ಆದರೂ, ಇದರಲ್ಲಿ ಸೇರುವುದಿಲ್ಲ. ಆಧಾರ್ ಜೋಡಣೆಯೂ ಕಡ್ಡಾಯ.

ಕರ್ನಾಟಕದ ಸಹಕಾರಿ ಸಂಘಗಳಲ್ಲಿ ದೊರೆಯುವ ಬಡ್ಡಿಯಿಲ್ಲದ ಬೆಳೆಸಾಲವು ರಾಜ್ಯ ಸರಕಾರದ ಪ್ರತ್ಯೇಕ ಏರ್ಪಾಟು. 2023-24ರಲ್ಲಿ ಅದರ ಮಿತಿ 5 ಲಕ್ಷಕ್ಕೇರಿತು. ನೆರೆಯವನಿಗೆ ಸೊನ್ನೆ, ತನಗೇಕೆ ನಾಲ್ಕು ಎಂದು ಅಣ್ಣನವರು ಕೇಳಿದ್ದಕ್ಕೆ ಇದೇ ಉತ್ತರ.

ಅವರು ಶಾಖೆಗೆ ಲಿಖಿತ ಅರ್ಜಿ ಕೊಟ್ಟುಬಂದರು. ದೀಪಾವಳಿಯ ಹೊತ್ತಿಗೆ ಆ ಹಣ ಜಮೆಯಾಯಿತೆಂದು ಕಾಗದ ಬಂತು.