ಎರಡು ಫೋನ್, ಒಂದು ಕೇಬಲ್: ಯಜಮಾನ ಯಾರು?

ಈಗಿನ ಟೈಪ್-ಸಿ ಕೇಬಲ್‌ನ ಎರಡೂ ತುದಿ ಒಂದೇ ಥರ. ಒಂದು ತುದಿಯನ್ನು ಹಳೆಯ ಫೋನಿಗೂ ಇನ್ನೊಂದನ್ನು ಹೊಸ ಫೋನಿಗೂ ಚುಚ್ಚಿದರೆ ಫೋಟೊ, ವಿಡಿಯೊ, ಕಾಂಟ್ಯಾಕ್ಟು, ಮೆಸೇಜು ಎಲ್ಲವನ್ನೂ ನೇರವಾಗಿ ಸಾಗಿಸಬಹುದು. ನಡುವೆ ಕಂಪ್ಯೂಟರ್ ಬೇಕಿಲ್ಲ. ಆದರೆ ಮೊದಲ ಸಲ ಚುಚ್ಚಿದಾಗ ಸಾಮಾನ್ಯವಾಗಿ ಕಾಣುವುದು ಬೇರೆಯೇ ದೃಶ್ಯ. ಒಂದು ಫೋನು ಇನ್ನೊಂದನ್ನು ಚಾರ್ಜ್ ಮಾಡತೊಡಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಎಷ್ಟೋ ಸಲ ಹೊಸ ಫೋನೇ ಹಳೆಯದಕ್ಕೆ ಕರೆಂಟ್ ಕೊಡುತ್ತಿರುತ್ತದೆ!

ಇದಕ್ಕೆ ಕಾರಣವಿದೆ. ಯುಎಸ್‌ಬಿ 1996ರಲ್ಲಿ ಬಂದಾಗಿನಿಂದಲೂ ಅದರಲ್ಲಿ ಸಮಾನರ ಮಾತುಕತೆಯೇ ಇಲ್ಲ. ಒಂದು ಕಡೆ ಯಜಮಾನ, ಇನ್ನೊಂದು ಕಡೆ ಆಳು. ಕಂಪ್ಯೂಟರ್ ಯಜಮಾನ, ಪೆನ್‌ಡ್ರೈವ್ ಆಳು. ಹಿಂದೆ ಕೇಬಲ್‌ನ ಎರಡು ತುದಿಗಳ ಆಕಾರವೇ ಬೇರೆ ಬೇರೆಯಾಗಿದ್ದುದರಿಂದ ಯಾರು ಏನು ಎಂಬುದು ಚುಚ್ಚುವ ಮೊದಲೇ ತೀರ್ಮಾನವಾಗಿರುತ್ತಿತ್ತು. 2014ರಲ್ಲಿ ಟೈಪ್-ಸಿ ನಿಯಮಗಳು ಪ್ರಕಟವಾದ ಮೇಲೆ ಆ ಗುರುತು ಅಳಿಸಿಹೋಯಿತು. ಹಾಗಾಗಿ ಪ್ರತಿ ಫೋನೂ ಏನನ್ನೂ ಚುಚ್ಚದಿದ್ದಾಗ ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಪಾತ್ರ ಬದಲಿಸುತ್ತ ಇರುತ್ತದೆ: ಈಗ ಕರೆಂಟ್ ಕೊಡುವವ, ಈಗ ಪಡೆಯುವವ. ಎರಡು ಫೋನುಗಳನ್ನು ಜೋಡಿಸಿದ ಗಳಿಗೆಯಲ್ಲಿ ಒಂದು ಕೊಡುವ ಪಾತ್ರದಲ್ಲೂ ಇನ್ನೊಂದು ಪಡೆಯುವ ಪಾತ್ರದಲ್ಲೂ ಸಿಕ್ಕರೆ ಅಲ್ಲಿಗೇ ಸಂಬಂಧ ಕುದುರುತ್ತದೆ. ಕರೆಂಟ್ ಕೊಡುವುದು ಮೊದಲಿಗೆ ಡೇಟಾದ ವಿಷಯದಲ್ಲೂ ಯಜಮಾನನಾಗುತ್ತದೆ. ಯಾವುದಕ್ಕೆ ಯಾವ ಪಾತ್ರ ಎಂಬುದು ಬಹುಮಟ್ಟಿಗೆ ಅದೃಷ್ಟದ ಮಾತು.

ಹೊಸ ಆಂಡ್ರಾಯ್ಡ್ ಫೋನನ್ನು ಮೊದಲ ಸಲ ಆನ್ ಮಾಡುವಾಗ ಈ ತಲೆಬಿಸಿ ನಿಮಗೆ ತಟ್ಟುವುದಿಲ್ಲ. ಹಳೆಯ ಫೋನಿನ ಡೇಟಾ ತರಬೇಕೇ ಎಂದು ಅದೇ ಕೇಳುತ್ತದೆ. ಕೇಬಲ್ ಆರಿಸಿ, ಎರಡನ್ನೂ ಅನ್‌ಲಾಕ್ ಮಾಡಿ ಜೋಡಿಸಿದರೆ ಹಳೆಯದರ ಪರದೆಯಲ್ಲಿ ನಕಲಿಸಲು ಒಪ್ಪಿಗೆ ಕೇಳುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇದೇ ಕೆಲಸಕ್ಕೆ ಸ್ಮಾರ್ಟ್ ಸ್ವಿಚ್ ಎಂಬ ಆ್ಯಪ್ ಇದೆ. ಅದನ್ನು ಫೋನು ಬಳಸಲು ಶುರುಮಾಡಿದ ಮೇಲೂ ತೆರೆಯಬಹುದು. ಒಂದು ಮಾತು: ಗೂಗಲ್‌ನ ಕ್ರಮದಲ್ಲಿ ಆ್ಯಪ್‌ಗಳು ಸಾಮಾನ್ಯವಾಗಿ ಪ್ಲೇ ಸ್ಟೋರ್‌ನಿಂದ ಹೊಸದಾಗಿ ಇಳಿಯುತ್ತವೆ, ಹಾಗಾಗಿ ವೈಫೈ ಇದ್ದರೆ ಒಳ್ಳೆಯದು.

ಈ ದಾರಿ ಸುಲಭವೇನೋ ಹೌದು, ಆದರೆ ಅದು ಎಲ್ಲವನ್ನೂ ಹೊತ್ತು ತರುವುದಿಲ್ಲ. ಗೂಗಲ್‌ನ ಕ್ರಮ ಡೌನ್‌ಲೋಡ್ಸ್ ಫೋಲ್ಡರಿನ ಪಿಡಿಎಫ್‌ಗಳನ್ನು ಬಿಟ್ಟುಬರಬಹುದು. ಮರೆಮಾಡಿದ ಫೋಲ್ಡರುಗಳಲ್ಲಿನ ಫೋಟೊಗಳ ಗತಿಯೂ ಅದೇ. ಎಲ್‌ಐಸಿ ರಸೀದಿ, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲ ನಮ್ಮಲ್ಲಿ ಇರುವುದು ಆ ಡೌನ್‌ಲೋಡ್ಸ್‌ನಲ್ಲೇ ಅಲ್ಲವೆ? ಆಗ ಬೇಕಾಗುವುದು ಎರಡನೆಯ ದಾರಿ, ಕೈಯಾರೆ ಫೈಲು ಸಾಗಿಸುವುದು. ಯಜಮಾನ ಯಾರೆಂದು ತಿಳಿದಿರಬೇಕಾದದ್ದು ಇಲ್ಲಿ.

ಜೋಡಿಸಿದ ಮೇಲೆ ಎರಡೂ ಫೋನಿನ ನೋಟಿಫಿಕೇಶನ್ ಎಳೆದು ನೋಡಿ. ಒಂದರಲ್ಲಿ "Charging connected device via USB" ಎಂದೂ ಇನ್ನೊಂದರಲ್ಲಿ "Charging this device via USB" ಎಂದೂ ಇರುತ್ತದೆ; ಕಂಪನಿಗೆ ತಕ್ಕಂತೆ ಪದಗಳು ಕೊಂಚ ಬೇರೆಯಾಗಬಹುದು. ಮೊದಲನೆಯದು ಯಜಮಾನ, ಎರಡನೆಯದು ಆಳು. ಅದನ್ನು ಮುಟ್ಟಿದರೆ "USB Preferences" ತೆರೆದುಕೊಳ್ಳುತ್ತದೆ. ಅಲ್ಲಿ "USB controlled by" ಎಂಬ ತಲೆಬರಹದ ಕೆಳಗೆ "This device", "Connected device" ಎಂಬ ಎರಡು ಆಯ್ಕೆಗಳಿವೆ. ಹೊಸ ಫೋನಿನಲ್ಲಿ "This device" ಆರಿಸಿದರೆ ಯಜಮಾನಿಕೆ ಅದಕ್ಕೆ ಬರುತ್ತದೆ. ಎಲ್ಲ ಫೋನುಗಳೂ ಈ ಅದಲುಬದಲಿಗೆ ಒಪ್ಪುವುದಿಲ್ಲ. "Couldn't switch" ಎಂದು ಬಂದರೆ ಕೇಬಲ್ ಕಿತ್ತು ಮತ್ತೆ ಚುಚ್ಚಿ, ಪಾತ್ರಗಳು ತಿರುವುಮುರುವಾದರೂ ಆದಾವು. ಆಗದಿದ್ದರೂ ಚಿಂತೆಯಿಲ್ಲ. ಹಳೆಯದೇ ಯಜಮಾನನಾಗಿದ್ದರೆ ಅದರಿಂದ ಹೊಸದಕ್ಕೆ ತಳ್ಳಬಹುದು.

ಮುಂದಿನ ಹೆಜ್ಜೆಯನ್ನು ಜನ ಮರೆಯುವುದು ಹೆಚ್ಚು. ಆಳಾಗಿರುವ ಫೋನಿನಲ್ಲಿ "Use USB for" ಕೆಳಗಿನ "File transfer" ಆರಿಸಬೇಕು. ಅದು ತಾನಾಗಿ ಆನ್ ಆಗುವುದಿಲ್ಲ. ಬೀದಿಬದಿಯ ಚಾರ್ಜಿಂಗ್ ಪಾಯಿಂಟಿಗೆ ಚುಚ್ಚಿದಾಗ ನಿಮ್ಮ ಫೋಟೊ ಸೋರಿಹೋಗಬಾರದು ಎಂದೇ ಆ ಬಂದೋಬಸ್ತು. ಆಮೇಲೆ ಯಜಮಾನನ ಫೈಲ್ಸ್ ಆ್ಯಪ್ ತೆರೆದರೆ ಪಕ್ಕದ ಪಟ್ಟಿಯಲ್ಲಿ ಇನ್ನೊಂದು ಫೋನಿನ ಹೆಸರು ಕಾಣುತ್ತದೆ. ಬೇಕಾದ ಫೋಲ್ಡರ್ ಒತ್ತಿಹಿಡಿದು ಕಾಪಿ ಮಾಡಿ. ಮೂವ್ ಬೇಡ, ನಡುವೆ ಕೇಬಲ್ ಅಲುಗಿದರೆ ಫೈಲು ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾಗಬಹುದು.

ಎರಡೂ ಪರದೆಗಳಲ್ಲಿ ಏನೂ ಬರದೆ ಬರೀ ಚಾರ್ಜ್ ಆಗುತ್ತಿದ್ದರೆ ಅನುಮಾನ ಪಡಬೇಕಾದದ್ದು ಕೇಬಲ್ ಮೇಲೆ. ಡೇಟಾ ತಂತಿಯೇ ಇಲ್ಲದ ಅಗ್ಗದ ಕೇಬಲ್‌ಗಳು ಅಂಗಡಿಗಳಲ್ಲಿ ಸಿಗುತ್ತವೆ.

ಇನ್ನು ವೇಗ. ಬಾಕ್ಸಿನಲ್ಲಿ ಬರುವ ಚಾರ್ಜಿಂಗ್ ಕೇಬಲ್ ಬಹುತೇಕ ಯುಎಸ್‌ಬಿ 2.0 ಮಟ್ಟದ್ದು. ಅದರ ಕಾಗದದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ದಕ್ಕುವುದು ಸುಮಾರು 30ರಿಂದ 40 ಮೆಗಾಬೈಟ್. ದುಬಾರಿ ಕೇಬಲ್ ತಂದರೆ ವೇಗ ಹೆಚ್ಚೀತು ಎಂದುಕೊಳ್ಳಬೇಡಿ. ಮಧ್ಯಮ ಬೆಲೆಯ ಅನೇಕ ಫೋನುಗಳ ಒಳಗಿರುವುದೂ 2.0ವೇ. 2023ರ ಐಫೋನ್ 15 ಕೂಡ ಅಷ್ಟೇ. ಅದೇ ವರ್ಷದ ಪ್ರೊ ಮಾದರಿಗೆ ಮಾತ್ರ ಹೆಚ್ಚಿನ ವೇಗವಿದೆ. ಎರಡು ಫೋನು ಮತ್ತು ಕೇಬಲ್ ಈ ಮೂರರಲ್ಲಿ ಯಾವುದು ನಿಧಾನವೋ ಅದರದೇ ನಡಿಗೆ.

ಒಂದು ಲೆಕ್ಕ ಹಾಕೋಣ. ಹಳೆಯ ಫೋನಿನಲ್ಲಿ ಕ್ಯಾಮೆರಾದ ಫೋಟೊ, ವಿಡಿಯೊ 40 ಜಿಬಿ, ವಾಟ್ಸ್ಆ್ಯಪ್ ಚಿತ್ರಗಳು 8 ಜಿಬಿ ಇವೆ ಎನ್ನಿ. ಸೆಕೆಂಡಿಗೆ 30 ಮೆಗಾಬೈಟ್ ಹಿಡಿದರೆ ಮೊದಲ 40 ಜಿಬಿಗೆ 22 ನಿಮಿಷ ಸಾಕು. ವಾಟ್ಸ್ಆ್ಯಪ್‌ನ 8 ಜಿಬಿ ಐದು ನಿಮಿಷದಲ್ಲಿ ಮುಗಿಯಬೇಕಲ್ಲ? ಮುಗಿಯುವುದಿಲ್ಲ. ಅಲ್ಲಿರುವುದು ಶುಭೋದಯ, ಹಬ್ಬದ ಶುಭಾಶಯಗಳ ಪುಟ್ಟ ಪುಟ್ಟ ಚಿತ್ರಗಳು. ಪ್ರತಿ ಫೈಲಿಗೂ ಎರಡು ಫೋನುಗಳ ನಡುವೆ ಬೇರೆಯದೇ ಮಾತುಕತೆ ನಡೆಯಬೇಕು. 30,000 ಚಿತ್ರಗಳಿದ್ದು, ಒಂದೊಂದರ ಮಾತುಕತೆಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಅದೇ 50 ನಿಮಿಷ. ಹಾಗಾಗಿ ಪಟ್ಟಿ ನಿಧಾನವಾಗಿ ಸರಿಯುತ್ತಿದ್ದರೆ ಗಾಬರಿಯಾಗಿ ಕೀಳಬೇಡಿ. ಅಷ್ಟು ಹೊತ್ತೂ ಒಂದು ಫೋನು ಇನ್ನೊಂದಕ್ಕೆ ಕರೆಂಟ್ ಕೊಡುತ್ತಿರುತ್ತದೆ, ಚಾರ್ಜರಿಗೆ ಇರುವ ಒಂದೇ ಕಿಂಡಿಯಲ್ಲಿ ಕೇಬಲ್ ಕೂತಿರುತ್ತದೆ. ಆದ್ದರಿಂದ ಎರಡನ್ನೂ ಮೊದಲೇ ಚೆನ್ನಾಗಿ ಚಾರ್ಜ್ ಮಾಡಿಟ್ಟಿರಬೇಕು.

ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಫೈಲು ಸಂಖ್ಯೆ, ಗಾತ್ರ ತಾಳೆ ನೋಡಿ. ಕೆಲವು ಗ್ಯಾಲರಿಗಳಲ್ಲಿ ಹಳೆಯ ವಾಟ್ಸ್ಆ್ಯಪ್ ಚಿತ್ರಗಳೆಲ್ಲ ಇವತ್ತಿನ ತಾರೀಖಿನಲ್ಲಿ ಬಂದು ಕೂರುವುದುಂಟು. ಕ್ಯಾಮೆರಾದ ಫೋಟೊದೊಳಗೆ ತೆಗೆದ ದಿನ ಬರೆದಿರುತ್ತದೆ. ವಾಟ್ಸ್ಆ್ಯಪ್ ಅದನ್ನು ಅಳಿಸಿ ಕಳಿಸುವುದರಿಂದ ಗ್ಯಾಲರಿ ನಕಲಾದ ದಿನವನ್ನೇ ನಂಬುತ್ತದೆ. ಚಿತ್ರ ಕಳೆದಿಲ್ಲ. IMG-20210314-WA0007 ಎಂಬಂಥ ಹೆಸರಿನ ನಡುವೆ ಬಂದ ದಿನ ಹಾಗೇ ಉಳಿದಿರುತ್ತದೆ.

ಚಿತ್ರಗಳ ಫೋಲ್ಡರ್ ಹೀಗೆ ಬಂದರೂ ವಾಟ್ಸ್ಆ್ಯಪ್ ಮಾತುಕತೆಗಳು ಅದರ ಜೊತೆ ಬರುವುದಿಲ್ಲ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಅವನ್ನು ಸಾಗಿಸಲು ಹಳೆಯ ಫೋನಿನ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ "Chats" ಒಳಗಿರುವ "Transfer chats" ಬೇರೆಯಾಗಿಯೇ ಇದೆ, ಕ್ಯೂಆರ್ ತೋರಿಸಿ ವೈಫೈ ಮೂಲಕ ಮಾಡುವಂಥದ್ದು. ಯುಪಿಐ ಆ್ಯಪ್‌ಗಳೂ ಕೇಬಲ್‌ನಲ್ಲಿ ಬರುವುದಿಲ್ಲ. ಅವು ಫೋನಿಗೂ ಸಿಮ್ಮಿಗೂ ಕಟ್ಟುಬಿದ್ದಿರುವುದರಿಂದ ಸಿಮ್ಮನ್ನು ಹೊಸ ಫೋನಿಗೆ ಹಾಕಿ, ಅಲ್ಲಿಂದ ಎಸ್ಸೆಮ್ಮೆಸ್ ಹೋಗಿ ಮತ್ತೆ ನೋಂದಣಿಯಾಗಬೇಕು. ಲಾಗಿನ್‌ಗೆ ಆರಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಬಳಸುವವರಾದರೆ ಅದರ ಖಾತೆಗಳನ್ನು ಆ ಆ್ಯಪ್‌ನೊಳಗಿಂದಲೇ ಹೊಸ ಫೋನಿಗೆ ಕಳಿಸಿ, ಒಂದು ಕೋಡ್ ಬಳಸಿ ಲಾಗಿನ್ ಆಗುತ್ತದೆಯೇ ನೋಡಿಕೊಳ್ಳಿ. ಹಳೆಯದನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಅದಾದ ಮೇಲಿನ ಮಾತು.