ಕಿರುದಾರಿ ಹುಡುಕಲು ಯಾವ ಶೋಧ?

ರೈಲ್ವೆ ನಕ್ಷೆಯ ಜಂಕ್ಷನ್‌ಗಳನ್ನು ಬಿಂದುಗಳೆಂದೂ ಹಳಿಗಳನ್ನು ಗೆರೆಗಳೆಂದೂ ಭಾವಿಸಿದರೆ ಅದೇ ಗಣಕ ವಿಜ್ಞಾನದ ‘ಗ್ರಾಫ್’. ಅದನ್ನು ಶೋಧಿಸುವ ಎರಡು ಪ್ರಮುಖ ವಿಧಾನಗಳು ಬ್ರೆಡ್ತ್ ಫಸ್ಟ್ ಮತ್ತು ಡೆಪ್ತ್ ಫಸ್ಟ್.

ಬೆಂಗಳೂರಿನಿಂದ ಮೈಸೂರು, ಹಾಸನ, ಅರಸೀಕೆರೆ ಮೂರಕ್ಕೂ ನೇರ ಮಾರ್ಗಗಳಿವೆ. ಮೈಸೂರು-ಹಾಸನ, ಹಾಸನ-ಅರಸೀಕೆರೆ ನಡುವೆಯೂ ಹಳಿಯಿದೆ. ಬೆಂಗಳೂರಿನಿಂದ ಅರಸೀಕೆರೆಗೆ ಅತಿ ಕಡಿಮೆ ಹಂತಗಳ ದಾರಿ ಬೇಕೆನ್ನೋಣ.

ಡೆಪ್ತ್ ಫಸ್ಟ್ ಒಂದು ದಾರಿ ಹಿಡಿದರೆ ಸಾಧ್ಯವಾದಷ್ಟೂ ಮುಂದೆ ಸಾಗುತ್ತದೆ. ಮೊದಲು ಮೈಸೂರನ್ನು ಆಯ್ದುಕೊಂಡು, ಅಲ್ಲಿಂದ ಹಾಸನಕ್ಕೆ ಹೋಗಿ ಅರಸೀಕೆರೆ ಮುಟ್ಟಿದರೆ ಅದರ ಉತ್ತರ 3 ಹಂತ. ದಾರಿ ಸಿಕ್ಕಿತು, ಆದರೆ ಅದು ಕಿರುದಾರಿಯಲ್ಲ. ಬ್ರೆಡ್ತ್ ಫಸ್ಟ್ ಹಾಗಲ್ಲ. 1 ಹಂತ ದೂರದ ಊರುಗಳನ್ನೆಲ್ಲ ಸರತಿಯಲ್ಲಿ ನಿಲ್ಲಿಸಿ ನೋಡಿದ ನಂತರವೇ 2ನೇ ಹಂತಕ್ಕೆ ಕಾಲಿಡುತ್ತದೆ. ಆದ್ದರಿಂದ ಯಾವುದೇ ಊರನ್ನು ಅದು ಮೊದಲು ತಲುಪುವ ದಾರಿಯೇ ಕಿರುದಾರಿ. ಅರಸೀಕೆರೆಗೆ ಅದರ ಉತ್ತರ 1 ಹಂತ.

ಆದರೆ ಇದು ಎಣಿಸುವುದು ಹಂತಗಳನ್ನೇ ಹೊರತು ಕಿಲೋಮೀಟರುಗಳನ್ನಲ್ಲ. ದೂರವೇ ಮುಖ್ಯವಾದಾಗ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ ಬೇಕಾಗುತ್ತದೆ.

ಪರಸ್ಪರ ಸಂಪರ್ಕವಿರುವ ಊರುಗಳ ಗುಂಪುಗಳೆಷ್ಟು ಎಂಬ ಪ್ರಶ್ನೆಗೆ ಮಾತ್ರ ಎರಡೂ ಸಮಾನ. ನೋಡದೆ ಉಳಿದ ಊರೊಂದರಿಂದ ಶೋಧ ಆರಂಭಿಸಿ, ತಲುಪಿದ್ದಕ್ಕೆಲ್ಲ ಗುರುತು ಹಾಕಬೇಕು. ಎಷ್ಟು ಬಾರಿ ಹೊಸದಾಗಿ ಆರಂಭಿಸಬೇಕಾಯಿತೋ ಅಷ್ಟು ಗುಂಪುಗಳು. ಬರೆಯಲು ಸುಲಭವೆಂದು ಹಲವರು ಇಲ್ಲಿ ಡೆಪ್ತ್ ಫಸ್ಟ್ ಅನ್ನು ತನ್ನನ್ನೇ ಮತ್ತೆ ಕರೆಯುವ ಕಾರ್ಯವಿಧಿಯಾಗಿ ಬರೆಯುತ್ತಾರೆ. ಸಾವಿರಾರು ಊರುಗಳು ಒಂದೇ ಸಾಲಿನಲ್ಲಿದ್ದರೆ ಅದು ಅರ್ಧಕ್ಕೇ ಕುಸಿಯಬಹುದು; ಪೈಥಾನ್‌ನಲ್ಲಿ ಇಂಥ ಕರೆಗಳಿಗೆ ಸಾಮಾನ್ಯ ಮಿತಿ 1000. ಆಗ ಬ್ರೆಡ್ತ್ ಫಸ್ಟ್ ಬಳಸುವುದೇ ಕ್ಷೇಮ.